ಒಂದೇ ಬಣ್ಣ, ಮೂರು ಹವೆ

ಅಜ್ಜನ ತಲೆಗೆ ಮನೆಯಲ್ಲೇ ಬಣ್ಣ ಹಚ್ಚಲು ನೀವು ಕೈಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಪೊಟ್ಟಣದ ಮೇಲೆ ‘30 ನಿಮಿಷ’ ಎಂದಿದೆ. ರಾಮದುರ್ಗದ ಮೇ ತಿಂಗಳ ಮಧ್ಯಾಹ್ನಕ್ಕೂ ಸವದತ್ತಿಯ ಬನದ ಹುಣ್ಣಿಮೆಯ ಮುಂಜಾವಿಗೂ ಆ ಮೂವತ್ತು ನಿಮಿಷ ಒಂದೇ ಆಗಿರುತ್ತದೆಯೇ?

ಕೊಳವೆಯ ಕ್ರೀಮಿನಲ್ಲಿರುವುದು ಸಿದ್ಧ ಬಣ್ಣವಲ್ಲ. ಬಣ್ಣವಾಗಬಲ್ಲ ಸಣ್ಣ ಅಣುಗಳು. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಬಿಡಿಸುತ್ತದೆ. ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್, ಒಳಹೊಕ್ಕ ಅಣುಗಳನ್ನು ಒಂದಕ್ಕೊಂದು ಬೆಸೆದು ದೊಡ್ಡದಾಗಿಸುತ್ತದೆ. ಬೆಳೆದ ಅಣು ಹೊರಬರಲಾರದು. ಬಣ್ಣ ನಿಲ್ಲುವುದು ಹೀಗೆ. ಬಟ್ಟಲಲ್ಲೇ ಬೆಳೆದ ಅಣುವಾದರೆ ಕೂದಲ ಒಳಗೆ ಹೋಗಲಾರದು. ಆದ್ದರಿಂದ ಹಚ್ಚುವ ಹೊತ್ತಿಗೇ ಕಲಸಬೇಕು, ಬೇಸಿಗೆಯಲ್ಲಂತೂ ತಡಮಾಡಬಾರದು. ಉಳಿದುದನ್ನು ಸೀಸೆಯಲ್ಲಿ ಮುಚ್ಚಿಡಬೇಡಿ; ಆಮ್ಲಜನಕ ಬಿಡುಗಡೆಯಾಗಿ ಸೀಸೆ ಸಿಡಿಯಬಹುದು.

ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ. ಕೋಣೆ 37 ಡಿಗ್ರಿ ಇದ್ದಾಗಲೂ 17 ಇದ್ದಾಗಲೂ ಹೋಲಿಸಿದರೆ ನಾಲ್ಕು ಪಟ್ಟು ಅಂತರ ಬರಬೇಕು. ಆದರೆ ತಲೆ ಬಟ್ಟಲಲ್ಲ. ನೆತ್ತಿಯ ಚರ್ಮ ತಾನೇ ಬೆಚ್ಚಗಿದ್ದು ಬುಡದ ಲೇಪವನ್ನು ಕಾಯಿಸುತ್ತಿರುತ್ತದೆ. ತುದಿಗೆ ಕೋಣೆಯ ಚಳಿಯೇ ಗತಿ. ಹೀಗಾಗಿ ಚಳಿಗಾಲದಲ್ಲಿ ಬುಡ ಕಪ್ಪು, ತುದಿ ಕಂದು. ಅವ್ವನ ಉದ್ದ ಕೂದಲಿಗೆ ಮೊದಲ ಸಲ ಹಚ್ಚುವಾಗ ತುದಿಯ ಕಡೆಯಿಂದ ಆರಂಭಿಸಿ ಬುಡಕ್ಕೆ ಕೊನೆಯಲ್ಲಿ ಬರುವುದು ಇದಕ್ಕೇ.

ಇನ್ನು ತೇವಾಂಶ. ಅಣುಗಳು ಕೂದಲೊಳಗೆ ಸಾಗಲು ಲೇಪದಲ್ಲಿ ನೀರಿರಬೇಕು. ರಾಮದುರ್ಗದ ಒಣಗಾಳಿಯಲ್ಲಿ ತೆಳುವಾಗಿ ಹಚ್ಚಿದ ಲೇಪ ಬೇಗ ಒಣಗಿ ಹೊಪ್ಪಳೆಗಟ್ಟಿದರೆ, ಗಡಿಯಾರ ಎಷ್ಟೇ ಓಡಲಿ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೇಲಾಗಿ, ಮಣ್ಣಿನ ಗಡಿಗೆಯ ನೀರು ತಣ್ಣಗಾಗುವಂತೆ, ಆರುವ ಲೇಪವೂ ತಣ್ಣಗಾಗುತ್ತದೆ! ಬಿಸಿಲಿನ ಲಾಭವನ್ನು ಒಣಹವೆ ಹೀಗೆ ಕಿತ್ತುಕೊಳ್ಳುತ್ತದೆ. ಮಲೆನಾಡಿನತ್ತ ಸರಿದಿರುವ ಕಿತ್ತೂರಿನ ಜುಲೈ ಮಳೆಯಲ್ಲಿ ಲೇಪ ಒಣಗುವ ಭಯವಿಲ್ಲ, ತಂಪಿನಿಂದ ಕ್ರಿಯೆ ಮಾತ್ರ ನಿಧಾನ. ಬೈಲಹೊಂಗಲದವರು ಇವೆರಡರ ನಡುವೆ.

ಪೊಟ್ಟಣದ ಸೂಚನೆ ಒಪ್ಪುವುದಾದರೆ ಪ್ಲಾಸ್ಟಿಕ್ ಟೋಪಿ ಹಾಕಿ. ತೇವಾಂಶದ ಚಿಂತೆ ಅಲ್ಲಿಗೆ ಬಹುಪಾಲು ಮುಗಿಯಿತು; ನೆತ್ತಿಯ ಕಾವೂ ಒಳಗೇ ಉಳಿಯುತ್ತದೆ. ಚಳಿಯಿದ್ದರೆ ಕೋಣೆಯನ್ನು ಬೆಚ್ಚಗಿಡಿ, ಹೇಳಿದ ಅವಧಿಯನ್ನು ಮೀರಬೇಡಿ. ಬಿಸಿಲಿಗೆ ಕೂರಿಸುವುದಂತೂ ಬೇಡ, ನೆತ್ತಿ ಸುಟ್ಟೀತು.

ಮೇ ತಿಂಗಳಾದರೆ 15ನೇ ನಿಮಿಷದಿಂದಲೇ ಐದೈದು ನಿಮಿಷಕ್ಕೊಮ್ಮೆ ಒಂದೆಳೆಯನ್ನು ಒದ್ದೆ ಹತ್ತಿಯಿಂದ ಒರೆಸಿ, ಬಟ್ಟೆಯಲ್ಲಿ ಒತ್ತಿ ಆರಿಸಿ ನೋಡಿ. ಒದ್ದೆ ಕೂದಲು ಇದ್ದುದಕ್ಕಿಂತ ಕಪ್ಪಾಗಿ ಕಂಡು ಮೋಸಮಾಡುತ್ತದೆ. ನರೆಗೂದಲು ಬಣ್ಣ ಹಿಡಿಯಲು ಹಟಮಾರಿ. ಅದಕ್ಕೆ ಪೂರ್ತಿ ಅವಧಿ ಬೇಕಾದೀತು.

ಎರಡು ದಿನ ಮೊದಲೇ, ಪೊಟ್ಟಣದಲ್ಲಿ ಹೇಳಿದಂತೆ, ಚರ್ಮಕ್ಕೆ ತುಸು ಹಚ್ಚಿ ಪರೀಕ್ಷಿಸಿರಬೇಕು. ತುರಿಕೆ, ಬಾವು ಕಂಡರೆ ಅಜ್ಜನ ಕೂದಲು ಬೆಳ್ಳಗೇ ಇರಲಿ.