ಎಣ್ಣ್ಯಾಗ ಇಟ್ಟ ಬಳ್ಳೊಳ್ಳಿ ಕೆಡೂದಿಲ್ಲೇನು?

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆಯ ಮನೆಗಳಲ್ಲಿ ಒಲೆಯ ಮಗ್ಗುಲಿಗೆ ಒಂದು ಗಾಜಿನ ಬಾಟಲಿ ಇಟ್ಟಿರುವುದುಂಟು. ಶೇಂಗಾ ಇಲ್ಲವೆ ಕುಸುಬಿ ಎಣ್ಣೆ, ಅದರಲ್ಲಿ ಜಜ್ಜಿದ ಬಳ್ಳೊಳ್ಳಿ, ನಾಲ್ಕು ಎಸಳು ಕರಿಬೇವು. ಬಿಸಿ ರೊಟ್ಟಿಯ ಮೇಲೆ, ಚಟ್ನಿಪುಡಿಯ ಮೇಲೆ ಒಂದು ಚಮಚ ಹಾಕಿಕೊಂಡರೆ ಊಟಕ್ಕೆ ಮತ್ತೇನೂ ಬೇಡ. ಎಷ್ಟು ದಿನದ್ದು ಎಂದು ಕೇಳಿದರೆ ಉತ್ತರ ಒಂದೇ: “ಎಣ್ಣ್ಯಾಗ ಮುಳುಗೇತಲ್ಲ, ಏನೂ ಆಗೂದಿಲ್ಲ.”

ಈ ನಂಬಿಕೆಗೆ ಕಾರಣ ನಮ್ಮ ಉಪ್ಪಿನಕಾಯಿ. ಹಾನಗಲ್ಲಿನ ಮಾವಿನಕಾಯಿ ಉಪ್ಪಿನಕಾಯಿ ವರ್ಷಗಟ್ಟಲೆ ನಿಲ್ಲುತ್ತದೆ, ಮೇಲೆ ಎಣ್ಣೆ ತೇಲುತ್ತಿರುತ್ತದೆ, ಹಾಗಾಗಿ ಕಾಯ್ದದ್ದು ಎಣ್ಣೆಯೇ ಎಂದುಕೊಳ್ಳುತ್ತೇವೆ. ನಿಜಕ್ಕೂ ಕಾಯ್ದದ್ದು ಮಾವಿನ ಹುಳಿ ಮತ್ತು ಉಪ್ಪು. ರಂಜಕದಲ್ಲೂ ಬಳ್ಳೊಳ್ಳಿ ಇದೆ, ಆದರೆ ಅದಕ್ಕೆ ಉಪ್ಪು ಬೀಳುತ್ತದೆ, ನಿಂಬೆರಸ ಬೀಳುತ್ತದೆ. ಬಾಟಲಿಯ ಬಳ್ಳೊಳ್ಳಿಗೆ ಇವೆರಡೂ ಇಲ್ಲ. ಎಣ್ಣೆ ಮಾಡುವುದು ಒಂದೇ ಕೆಲಸ: ಗಾಳಿ ತಡೆಯುವುದು. ಬೂಷ್ಟಿಗೆ ಗಾಳಿ ಬೇಕು, ಅದು ಬರುವುದಿಲ್ಲ. ಆದರೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಹುಟ್ಟಿಸುವುದೇ ಗಾಳಿಯಿಲ್ಲದ ಜಾಗದಲ್ಲಿ. ಅದರ ಬೀಜಕಣ ಮಣ್ಣಿನಲ್ಲಿರುತ್ತದೆ, ಬಳ್ಳೊಳ್ಳಿ ಬೆಳೆಯುವುದು ಮಣ್ಣಿನೊಳಗೆ. ಎಸಳಿನಲ್ಲಿ ತೇವವಿದೆ, ಹುಳಿಯಿಲ್ಲ, ಅಡುಗೆಮನೆ ಬೆಚ್ಚಗಿದೆ. ಅದಕ್ಕೆ ಬೇಕಾದದ್ದೆಲ್ಲ ಸಿಕ್ಕಿತು.

“ನಾವು ಕಾಸಿ ಹಾಕ್ತೀವಿ, ಹಸೀದಲ್ಲ” ಎನ್ನುವವರು ಬಾಣಲೆಯ ಸದ್ದು ಕೇಳಬೇಕು. ಎಣ್ಣೆಯಲ್ಲಿ ಬಳ್ಳೊಳ್ಳಿ ಚರ್ ಚರ್ ಎನ್ನುತ್ತ ಗುಳ್ಳೆ ಬಿಡುವವರೆಗೂ ಅದರೊಳಗೆ ನೀರಿದೆ. ನೀರಿರುವಷ್ಟು ಹೊತ್ತು ಎಸಳಿನ ಒಳಗಿನ ಬಿಸಿ ಸುಮಾರು 100 ಡಿಗ್ರಿ ದಾಟದು, ಸುತ್ತಲಿನ ಎಣ್ಣೆ ಎಷ್ಟೇ ಕಾದಿರಲಿ. ಈ ಬೀಜಕಣ ಕುದಿಯುವ ಬಿಸಿಯನ್ನು ತಡೆದುಕೊಳ್ಳುತ್ತದೆ. ಡಬ್ಬಿ ಆಹಾರದ ಕಾರ್ಖಾನೆಗಳು ಅದನ್ನು ಕೊಲ್ಲಲು ಒತ್ತಡದ ಹಬೆಯಲ್ಲಿ 121 ಡಿಗ್ರಿಯವರೆಗೆ ಕಾಸುತ್ತವೆ. ನಾವೋ, ರುಚಿ ಕೆಡಬಾರದೆಂದು ಎಸಳು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸುತ್ತೇವೆ.

“ಕೆಟ್ಟಿದ್ರ ವಾಸನಿ ಬರ್ತೈತಿ” ಎಂಬುದನ್ನು ನಂಬಿ ಕೂರಬೇಡಿ. ವಿಷ ಹುಟ್ಟಿದ ಎಣ್ಣೆ ನೋಡಲಿಕ್ಕೂ ಮೂಸಲಿಕ್ಕೂ ಮೊದಲಿನಂತೆಯೇ ಇರಬಹುದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ಹೋಟೆಲಿನಲ್ಲಿ ಉಂಡ 36 ಜನ ಈ ವಿಷದಿಂದ ಬರುವ ಬೊಟುಲಿಸಂ ರೋಗಕ್ಕೆ ತುತ್ತಾದರು. ಮೂಲ ಹುಡುಕಿದಾಗ ಸಿಕ್ಕಿದ್ದು ಸೋಯಾ ಎಣ್ಣೆಯಲ್ಲಿ ಹಾಕಿಟ್ಟ ಹೆಚ್ಚಿದ ಬಳ್ಳೊಳ್ಳಿಯ ಬಾಟಲಿ. ತಣ್ಣಗೆ ಇಡಬೇಕಾದದ್ದನ್ನು ತಿಂಗಳುಗಟ್ಟಲೆ ಹೊರಗೇ ಇಟ್ಟಿದ್ದರು. ಎಷ್ಟೋ ರೋಗಿಗಳಿಗೆ ಮೊದಲು ಬೇರೆಯೇ ಕಾಯಿಲೆ ಎಂದು ಹೇಳಲಾಗಿತ್ತು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲೂ ಇಂಥದೇ ಪ್ರಕರಣವಾದ ಮೇಲೆ, ಅಮೆರಿಕದಲ್ಲಿ ಇಂಥ ಬಾಟಲಿಗಳಿಗೆ ಹುಳಿ ಸೇರಿಸುವುದು ಕಡ್ಡಾಯವಾಯಿತು.

ಹಾಗಂತ ಬಳ್ಳೊಳ್ಳಿ ಎಣ್ಣೆ ಬಿಡಬೇಕಿಲ್ಲ. ಎರಡು ಮೂರು ದಿನಕ್ಕಾಗುವಷ್ಟೇ ಮಾಡಿ, ಆರಿದ ಕೂಡಲೇ ಫ್ರಿಜ್‌ನಲ್ಲಿಡಿ, ನಾಲ್ಕು ದಿನದ ಮೇಲೆ ಉಳಿದದ್ದನ್ನು ಚೆಲ್ಲಿ. ಕರೆಂಟ್ ನಾಲ್ಕು ತಾಸಿಗಿಂತ ಹೆಚ್ಚು ಹೋಗಿದ್ದರೂ ಚೆಲ್ಲುವುದೇ ಸರಿ. ಹೆಚ್ಚು ದಿನಕ್ಕೆ ಬೇಕಿದ್ದರೆ ಸಣ್ಣ ಸಣ್ಣ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಫ್ರಿಜ್ ಇಲ್ಲದ ಮನೆಯಲ್ಲಿ ಅಂದಂದಿನದನ್ನು ಅಂದೇ ಮುಗಿಸಬೇಕು.

ಹೊರಗೇ ಇಡಬೇಕೆಂದರೆ ಪರೀಕ್ಷಿಸಿ ಒಪ್ಪಿದ ದಾರಿ ಹುಳಿಯದು. ಬಳ್ಳೊಳ್ಳಿಯನ್ನು ಜೋಳದ ಕಾಳಿನಷ್ಟು ಸಣ್ಣಗೆ ಹೆಚ್ಚಿ 100 ಗ್ರಾಂ ತೂಗಿಕೊಳ್ಳಿ. 300 ಮಿಲಿ ನೀರಿಗೆ 10 ಗ್ರಾಂ ಸಿಟ್ರಿಕ್ ಆ್ಯಸಿಡ್ ಕರಗಿಸಿ, ಚೂರುಗಳು ಮೇಲೆ ತೇಲದಂತೆ ತಟ್ಟೆ ಒತ್ತಿ ಪೂರ್ತಿ 24 ತಾಸು ನೆನೆಸಿ. ನೀರು ಬಸಿದು, ಆ ಚೂರಿಗೆ ಒಂದು ಕಿಲೋ ಎಣ್ಣೆ ಸೇರಿಸಿ. ಇದಕ್ಕೆ ತಕ್ಕಡಿಯೇ ಬೇಕು, ಕೈಯಳತೆ ಸಾಲದು. ಎಣ್ಣೆಗೆ ನೇರವಾಗಿ ನಿಂಬೆಹಣ್ಣು ಹಿಂಡಿದರೆ ಉಪಯೋಗವಿಲ್ಲ, ರಸ ಎಣ್ಣೆಯಲ್ಲಿ ಬೆರೆಯದೆ ತಳಕ್ಕೆ ಇಳಿಯುತ್ತದೆ, ಎಸಳಿನೊಳಗೆ ಹೋಗುವುದಿಲ್ಲ.

ಇನ್ನು “ಇದು ಹೊರದೇಶದ ರೋಗ” ಎನ್ನುವ ಮಾತು. 1996ರಲ್ಲಿ ಗುಜರಾತಿನ ವಸತಿ ಶಾಲೆಯೊಂದರಲ್ಲಿ ಸೇವು ತಿಂದ 34 ಮಕ್ಕಳು ಕಾಯಿಲೆ ಬಿದ್ದರು, ಇದೇ ಬಗೆಯ ವಿಷ ಹುಟ್ಟಿಸುವ ಇನ್ನೊಂದು ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿತು. ರೋಗಕ್ಕೆ ಊರು ಗೊತ್ತಿಲ್ಲ.

ಲಕ್ಷಣ ಸಾಮಾನ್ಯವಾಗಿ 12ರಿಂದ 36 ತಾಸಿನಲ್ಲಿ ಕಾಣುತ್ತವೆ, ಕೆಲವೊಮ್ಮೆ ವಾರ ಕಳೆದ ಮೇಲೆ. ಒಂದು ವಸ್ತು ಎರಡಾಗಿ ಕಾಣುತ್ತದೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ. ಜ್ವರವಿರುವುದಿಲ್ಲ, ಎಚ್ಚರವೂ ಇರುತ್ತದೆ, ನಿತ್ರಾಣ ಮಾತ್ರ ಮೇಲಿನಿಂದ ಕೆಳಗಿಳಿಯುತ್ತ ಉಸಿರಾಟದವರೆಗೆ ಬರುತ್ತದೆ. ಹೀಗಾದರೆ ಬೆಳಗಾಗಲಿ ಎಂದು ಕಾಯದೆ ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಹಿಂದಿನ ದಿನಗಳಲ್ಲಿ ಉಂಡದ್ದನ್ನೆಲ್ಲ ವೈದ್ಯರಿಗೆ ಹೇಳಿ, ಆ ಬಾಟಲಿಯನ್ನೂ ಮುಚ್ಚಳ ಬಿಗಿದು ಜೊತೆಗೆ ಒಯ್ಯಿರಿ.