ಐವತ್ತೈದು ಪುಟಗಳ ಒಂದೇ ಪಿಡಿಎಫ್

ಹೈಕೋರ್ಟಿನಲ್ಲಿ ವಾದ ನಡೆಯುತ್ತಿರುವಾಗ ವಕೀಲರು 'ದಯವಿಟ್ಟು ಪುಟ 45 ನೋಡಬೇಕು' ಎನ್ನುತ್ತಾರೆ. ಕಾಗದದ ಕಟ್ಟಾದರೆ ನ್ಯಾಯಮೂರ್ತಿಗಳು ಹಾಳೆ ತಿರುವುತ್ತಾರೆ. ಇ-ಫೈಲಿಂಗ್‌ನಲ್ಲಿ ಬಂದ ಪಿಡಿಎಫ್ ಆದರೆ ಪರದೆಯ ಮೇಲಿನ ಪುಟಸಂಖ್ಯೆಯ ಚೌಕದಲ್ಲಿ 45 ಎಂದು ಒತ್ತುತ್ತಾರೆ. ಆಗ ತೆರೆದುಕೊಳ್ಳುವ ಹಾಳೆಯ ಮೂಲೆಯಲ್ಲಿ 43 ಎಂದಿದ್ದರೆ, ಮುಂದಿನ ಅರ್ಧ ನಿಮಿಷ ಎಲ್ಲರೂ ಹುಡುಕುವುದರಲ್ಲೇ ಕಳೆಯುತ್ತಾರೆ. ಹಲವು ಪಿಡಿಎಫ್‌ಗಳನ್ನು ಒಂದಾಗಿಸುವ ಕೆಲಸದಲ್ಲಿ ಮುಖ್ಯವಾದದ್ದು ಇದೇ: ಹಾಳೆಯ ಮೇಲೆ ಅಚ್ಚಾದ ಸಂಖ್ಯೆಯೂ ಪರದೆ ತೋರಿಸುವ ಸಂಖ್ಯೆಯೂ ಒಂದೇ ಆಗಿರಬೇಕು.

ತಪ್ಪಾಗುವುದು ಸಾಮಾನ್ಯವಾಗಿ ಇಂಡೆಕ್ಸ್‌ನಿಂದ. ಅದಕ್ಕೆ ಸಂಖ್ಯೆ ಹಾಕದೆ ಬಿಟ್ಟು, ಅರ್ಜಿಯ ಮೊದಲ ಹಾಳೆಯಿಂದ ಒಂದು ಎಂದು ಎಣಿಸುವುದು ಹಳೆಯ ರೂಢಿ. ಪಿಡಿಎಫ್ ಓದುವ ತಂತ್ರಾಂಶ ಇಂಡೆಕ್ಸ್‌ನ ಎರಡು ಹಾಳೆಗಳನ್ನೂ ಸೇರಿಸಿಯೇ ಎಣಿಸುತ್ತದೆ. ಹಾಗಾಗಿ ಕೊನೆಯವರೆಗೂ ಎರಡರ ವ್ಯತ್ಯಾಸ. ಬೇರೆ ಬಗೆಯಲ್ಲಿ ಎಣಿಸಬೇಕೆಂದು ನಿಯಮವೇ ಹೇಳದಿದ್ದರೆ, ಮೊದಲ ಹಾಳೆಯಿಂದಲೇ 1 ಎಂದು ಶುರುಮಾಡುವುದು ಕ್ಷೇಮ.

ಒಂದು ಉದಾಹರಣೆ ನೋಡೋಣ. ಖಾತೆ ಬದಲಾವಣೆಯ ತಕರಾರು ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ಮುಂದೆ ಹಾದು ಹೈಕೋರ್ಟಿಗೆ ರಿಟ್ ಅರ್ಜಿಯಾಗಿ ಬಂದಿದೆ ಎನ್ನಿ. ಇಂಡೆಕ್ಸ್ 2 ಪುಟ, ಅರ್ಜಿ 18, ಅಫಿಡವಿಟ್ 1. ಅನೆಕ್ಸರ್-ಎ ಕ್ರಯಪತ್ರ 12, ಬಿ ಪಹಣಿ 3, ಸಿ ಮ್ಯುಟೇಶನ್ ಪ್ರತಿ 2, ಡಿ ಉಪವಿಭಾಗಾಧಿಕಾರಿಯ ಆದೇಶ 6, ಇ ಜಿಲ್ಲಾಧಿಕಾರಿಯ ಆದೇಶ 9, ಕೊನೆಗೆ ವಕಾಲತ್ತು 2. ಒಟ್ಟು 55. ಕೂಡಿಸುತ್ತ ಹೋದರೆ ಅರ್ಜಿ 3ರಿಂದ, ಕ್ರಯಪತ್ರ 22ರಿಂದ, ಜಿಲ್ಲಾಧಿಕಾರಿಯ ಆದೇಶ 45ರಿಂದ ಶುರು. ಈ ಲೆಕ್ಕವನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇಂಡೆಕ್ಸ್‌ಗೂ ಅದೇ, ಬುಕ್‌ಮಾರ್ಕ್‌ಗೂ ಅದೇ. ಇಂಡೆಕ್ಸ್ ಎಷ್ಟು ಪುಟ ಎಂಬುದು ಮಾತ್ರ ಮೊದಲು ತೀರ್ಮಾನವಾಗಬೇಕು. ಅದು ಎರಡರಿಂದ ಮೂರಕ್ಕೆ ಬೆಳೆದರೆ ಅದರೊಳಗೆ ಬರೆದ ಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ.

ಇನ್ನು ಹಾಳೆಗಳನ್ನು ಸಮ ಮಾಡುವ ಕೆಲಸ. ಬಹುಪಾಲು ಜನ ಹಾರಿಸಿಬಿಡುವ ಹಂತ ಇದು. ಅರ್ಜಿ ಎ4 ಅಳತೆಯಲ್ಲಿರುತ್ತದೆ, ಅಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಹಳೆಯ ಕ್ರಯಪತ್ರ ಲೀಗಲ್ ಅಳತೆಯ ಉದ್ದ ಹಾಳೆ, ಎತ್ತರ 356 ಮಿ.ಮೀ. ಪಹಣಿ ಅಡ್ಡ ಹಾಳೆ. ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿದ ಪ್ರತಿಯ ಕಥೆಯೇ ಬೇರೆ. ಕೆಲವು ಆ್ಯಪ್‌ಗಳು ಇಂಚಿಗೆ 72 ಚುಕ್ಕಿಗಳ ಲೆಕ್ಕ ಹಿಡಿಯುವುದರಿಂದ 3000 ಚುಕ್ಕಿ ಅಗಲದ ಫೋಟೊ ಸುಮಾರು 42 ಇಂಚು, ಅಂದರೆ ಮೂರೂವರೆ ಅಡಿ ಅಗಲದ 'ಹಾಳೆ' ಆಗಿಬಿಡುತ್ತದೆ. ಪರದೆಯಲ್ಲಿ ಎಲ್ಲವೂ ಒಂದೇ ಗಾತ್ರಕ್ಕೆ ಕುಗ್ಗಿ ಕಾಣುವುದರಿಂದ ಇದು ಗೊತ್ತೇ ಆಗುವುದಿಲ್ಲ. ಸಂಖ್ಯೆ ಒತ್ತಿದ ಮೇಲೆ ಗೊತ್ತಾಗುತ್ತದೆ: ಉಳಿದೆಡೆ ಢಾಳಾಗಿ ಕಾಣುವ ಅಂಕಿ ಆ ಒಂದು ಪುಟದಲ್ಲಿ ಭೂತಗನ್ನಡಿ ಬೇಡುತ್ತದೆ, ಇಲ್ಲವೇ ತಂತ್ರಾಂಶ ಅಂಕಿಯನ್ನೂ ಹಿಗ್ಗಿಸಿ ಬೇರೆ ಜಾಗದಲ್ಲಿ ಕೂರಿಸಿರುತ್ತದೆ. ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಪುಟದ ಅಳತೆ ನೋಡುವುದೊಂದೇ ದಾರಿ.

ಆದ್ದರಿಂದ ಪ್ರತಿ ಕಡತವನ್ನೂ ಎ4 ಹಾಳೆಯೊಳಗೆ ಕೂರುವಂತೆ ಮಾಡಿ, ಮೇಲ್ಗಡೆ ಹೆಡರ್‌ಗೆ ಜಾಗ ಬಿಡಬೇಕು. ಮೇಲೊಂದು 18 ಮಿ.ಮೀ., ಕೆಳಗೆ 9 ಮಿ.ಮೀ. ಬಿಟ್ಟರೆ ಉಳಿಯುವುದು 270. ಲೀಗಲ್ ಹಾಳೆಯ 356 ಇದರಲ್ಲಿ ಹಿಡಿಯಲು ಶೇ. 76ಕ್ಕೆ ಕುಗ್ಗಬೇಕು. 12 ಪಾಯಿಂಟ್ ಅಕ್ಷರ 9 ಪಾಯಿಂಟ್ ಆಗುತ್ತದೆ, ಓದಬಹುದು. ಕೈಬರಹದ ಮಸುಕು ಪತ್ರವಾದರೆ ಓದಲಾಗದು, ಅದಕ್ಕೆ ಟೈಪ್ ಮಾಡಿಸಿದ ಪ್ರತಿಯನ್ನೂ ಜೊತೆಗಿಡುವುದು ವಾಡಿಕೆ. ಜಾಗ ಬಿಡದೆ ನೇರವಾಗಿ ಒತ್ತಿದರೆ ಏನಾಗುತ್ತದೆ? ಕ್ರಯಪತ್ರದ ನೆತ್ತಿಯ ಮೇಲಿನ ನೋಂದಣಿ ಸಂಖ್ಯೆ, ಮೊಹರು ಇವುಗಳ ಮೇಲೆಯೇ ನಮ್ಮ ಹೆಡರ್ ಕುಳಿತು ಎರಡೂ ಓದಲಾಗದಂತೆ ಆಗುತ್ತವೆ.

ಸಮ ಮಾಡಿದ ಒಂಬತ್ತು ಕಡತಗಳಿಗೆ 01, 02 ಎಂದು ಸೊನ್ನೆ ಸೇರಿಸಿ ಹೆಸರಿಡಿ. ಹಾಗೆ ಮಾಡಿದರೆ ಮುಂದೆ 10ನೆಯ ಕಡತ ಸೇರಿದಾಗಲೂ ಅದು 2ಕ್ಕಿಂತ ಮುಂಚೆ ನುಗ್ಗುವುದಿಲ್ಲ. ಹೆಡರ್ ಮಾಡಲು ವಿಶೇಷ ತಂತ್ರಾಂಶ ಬೇಕಿಲ್ಲ. ಲಿಬ್ರೆ ಆಫೀಸ್ ರೈಟರ್‌ನಲ್ಲಿ 55 ಖಾಲಿ ಎ4 ಪುಟಗಳ ಕಡತ ಮಾಡಿ, ಹೆಡರ್‌ನಲ್ಲಿ ಎಡಕ್ಕೆ ಅರ್ಜಿಯ ಹೆಸರು, ಬಲಕ್ಕೆ ತಾನಾಗಿ ಏರುವ ಪುಟಸಂಖ್ಯೆ ಇಟ್ಟು ಪಿಡಿಎಫ್ ಆಗಿ ಉಳಿಸಿದರೆ ಸಾಕು. ಅಲ್ಲಿ ಬಿಳಿ ಭಾಗವೆಲ್ಲ ಪಾರದರ್ಶಕ. ಅದನ್ನು ಹಾಳೆಗೆ ಹಾಳೆ ಹೊಂದಿಸಿ ಹೊದಿಸಬಹುದು. ಅರ್ಜಿಗೆ ಮೊದಲೇ ಟೈಪಿಸಿದ ಪುಟಸಂಖ್ಯೆ ಇದ್ದರೆ ತೆಗೆದುಬಿಡಿ. ಒಂದೇ ಹಾಳೆಯಲ್ಲಿ ಎರಡು ಸಂಖ್ಯೆ ಇದ್ದರೆ ಎದುರು ವಕೀಲರು ಖಂಡಿತ ತಪ್ಪಾದದ್ದನ್ನೇ ಓದುತ್ತಾರೆ.

ಉಚಿತವಾಗಿ ಸಿಗುವ ಪಿಡಿಎಫ್‌ಟಿಕೆ ಎಂಬ ಸಾಧನದಲ್ಲಿ ಉಳಿದ ಕೆಲಸ ಮೂರು ಸಾಲು:

```
pdftk 0*.pdf cat output all.pdf
pdftk all.pdf multistamp header.pdf output stamped.pdf
pdftk stamped.pdf update_info_utf8 marks.txt output final.pdf
```

ಮೊದಲನೆಯದು ಜೋಡಿಸುತ್ತದೆ, ಎರಡನೆಯದು ಹೆಡರ್ ಒತ್ತುತ್ತದೆ, ಮೂರನೆಯದು ಬುಕ್‌ಮಾರ್ಕ್ ಹಾಕುತ್ತದೆ. ಅದು ಓದುವ `marks.txt` ನಮ್ಮ ಚೀಟಿಯ ಲೆಕ್ಕವೇ. ಜಿಲ್ಲಾಧಿಕಾರಿಯ ಆದೇಶಕ್ಕೆ ಹೀಗೆ:

```
BookmarkBegin
BookmarkTitle: ಅನೆಕ್ಸರ್-ಇ, ಜಿಲ್ಲಾಧಿಕಾರಿ ಆದೇಶ
BookmarkLevel: 1
BookmarkPageNumber: 45
```

ಇಂಥ ನಾಲ್ಕು ಸಾಲು ಪ್ರತಿ ಕಡತಕ್ಕೂ. ಉದ್ದದ ಆದೇಶದೊಳಗೆ ಒಂದು ಭಾಗವನ್ನು ತೋರಿಸಬೇಕಿದ್ದರೆ ಅದಕ್ಕೆ ಮಟ್ಟ 2 ಕೊಟ್ಟರೆ ಅದು ಒಳಗೆ ಮಡಚಿಕೊಳ್ಳುತ್ತದೆ. ಶೀರ್ಷಿಕೆಗಳನ್ನು ಯುನಿಕೋಡ್ ಕನ್ನಡದಲ್ಲೇ ಬರೆಯಬೇಕು. ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಬರೆದದ್ದು ಬುಕ್‌ಮಾರ್ಕ್ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ.

ದಿನಾಂಕ ಹತ್ತಿರ ಬಂದಾಗ ಕಕ್ಷಿದಾರರು ಇನ್ನೊಂದು ಹಾಳೆ ತರುವುದು ಇದ್ದದ್ದೇ. ಮ್ಯುಟೇಶನ್ ಪ್ರತಿಗೆ ಮೂರನೆಯ ಪುಟ ಸೇರಿತು ಎನ್ನಿ. ಕಾಗದದ ಕಾಲದಲ್ಲಿ 38-ಎ ಎಂದು ಗೀಚಿ ಮುಗಿಸುತ್ತಿದ್ದರು. ಪಿಡಿಎಫ್‌ನಲ್ಲಿ ಹಾಗೆ ಮಾಡಿದರೆ ಅಲ್ಲಿಂದಾಚೆಗೆ ಪರದೆಯ ಸಂಖ್ಯೆ ಒಂದು ಮುಂದೆ ಓಡುತ್ತದೆ. ಸಮ ಮಾಡಿದ ಬಿಡಿ ಕಡತಗಳು ಉಳಿದಿದ್ದರೆ, ಆರನೆಯ ಕಡತ ಬದಲಿಸಿ, ಹೆಡರ್ ಕಡತಕ್ಕೆ ಒಂದು ಖಾಲಿ ಪುಟ ಸೇರಿಸಿ, ಅನೆಕ್ಸರ್-ಡಿಯಿಂದ ಮುಂದಿನ ಬುಕ್‌ಮಾರ್ಕ್‌ಗಳಿಗೂ ಇಂಡೆಕ್ಸ್‌ನ ಸಾಲುಗಳಿಗೂ ಒಂದೊಂದು ಕೂಡಿಸಿ, ಅದೇ ಮೂರು ಸಾಲು ಮತ್ತೆ ಓಡಿಸಿದರಾಯಿತು. ಸಂಖ್ಯೆ ಒತ್ತಿದ ಕಡತದ ನಡುವೆ ಹಾಳೆ ತುರುಕಲು ಹೋಗಬಾರದು.

ಕಡತದ ಗಾತ್ರ ಕುಗ್ಗಿಸಲೆಂದು ಕೊನೆಯಲ್ಲಿ ಪ್ರಿಂಟ್ ಆಯ್ದು 'ಪಿಡಿಎಫ್ ಆಗಿ ಉಳಿಸು' ಕೊಡುವವರಿದ್ದಾರೆ. ಪುಟಗಳು ಹಾಗೇ ಕಾಣುತ್ತವೆ, ಬುಕ್‌ಮಾರ್ಕ್ ಎಲ್ಲ ಮಾಯ. ಗಾತ್ರ ಇಳಿಸುವುದಿದ್ದರೆ ಬಿಡಿ ಕಡತಗಳ ಹಂತದಲ್ಲೇ, ಸ್ಕ್ಯಾನ್ ಮಾಡುವಾಗಲೇ ಇಳಿಸಬೇಕು. ಇದಕ್ಕೆಂದು ಗೊತ್ತಿಲ್ಲದ ಜಾಲತಾಣಗಳಿಗೆ ಕಕ್ಷಿದಾರರ ಕ್ರಯಪತ್ರ ಏರಿಸುವುದು ನನಗಂತೂ ಒಪ್ಪುವ ಮಾತಲ್ಲ.

ಮುಗಿದ ಮೇಲೆ ಚೌಕದಲ್ಲಿ 3, 22, 45, 55 ಒತ್ತಿ ಮೂಲೆಯ ಅಂಕಿ ನೋಡಿ. ಪ್ರತಿ ಬುಕ್‌ಮಾರ್ಕ್ ಕ್ಲಿಕ್ ಮಾಡಿ. ಡಿಜಿಟಲ್ ಸಹಿ ಹಾಕುವುದು ಇದಾದ ಮೇಲೆ ಮಾತ್ರ, ಏಕೆಂದರೆ ಸಹಿ ಬಿದ್ದ ಕಡತಕ್ಕೆ ಹೆಡರ್ ಒತ್ತಿದರೂ ಬೇರೆಯದರೊಂದಿಗೆ ಜೋಡಿಸಿದರೂ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಅನೆಕ್ಸರ್‌ಗಳಲ್ಲಿ ಸರ್ಕಾರಿ ಇಲಾಖೆಯ ಡಿಜಿಟಲ್ ಸಹಿ ಇರುವ ಪ್ರತಿ ಇದ್ದರೆ, ಜೋಡಿಸಿದ ಕಟ್ಟಿನಲ್ಲಿ ಕಾಣುವುದು ಹೆಚ್ಚೆಂದರೆ ಸಹಿಯ ಚಿತ್ರ. ಡೌನ್‌ಲೋಡ್ ಮಾಡಿದ ಮೂಲ ಕಡತವನ್ನು ಮುಟ್ಟದೆ ಬೇರೆ ಇಟ್ಟುಕೊಳ್ಳಬೇಕು.