ಇಳಿಬಿದ್ದ ಕಣ್ಣರೆಪ್ಪೆ: ವಯಸ್ಸೋ, ವ್ಯಾಧಿಯೋ?

ನಮ್ಮ ಪರಿಚಯದ ಮನೆಯೊಂದರಲ್ಲಿ 68 ವರ್ಷದ ತಾಯಿಯೊಬ್ಬರು ಇಷ್ಟಲಿಂಗ ಪೂಜೆಗೆ ಕುಳಿತಾಗಲೆಲ್ಲ ಗದ್ದವನ್ನು ಮೇಲಕ್ಕೆತ್ತಿ, ಹುಬ್ಬುಗಳನ್ನು ಏರಿಸಿ ಅಂಗೈಯತ್ತ ನೋಡತೊಡಗಿದ್ದರು. ಇದನ್ನು ಮೊದಲು ಗಮನಿಸಿದವರು ಅವರ ಸೊಸೆ. “ಅತ್ತೆಯವರೇ, ಯಾಕೆ ಹೀಗೆ ಕತ್ತೆತ್ತಿ ನೋಡುತ್ತೀರಿ?” ಎಂದು ಕೇಳಿದಾಗ, “ಹೀಗೆ ನೋಡಿದರೇನೇ ಲಿಂಗಯ್ಯ ಪೂರ್ತಿ ಕಾಣುತ್ತಾನಮ್ಮ” ಎಂದರಂತೆ. ಮನೆಯವರು ಕನ್ನಡಕ ಬದಲಿಸಿದರು, ಪ್ರಯೋಜನವಾಗಲಿಲ್ಲ. ದೋಷವಿದ್ದುದು ದೃಷ್ಟಿಯಲ್ಲಲ್ಲ, ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ. ಅದು ಜೋತು ಬಿದ್ದು ಕಣ್ಣಪಾಪೆಯನ್ನು ಮರೆಮಾಡಿತ್ತು. ವೈದ್ಯರು ಇದನ್ನು ಟೋಸಿಸ್ ಎನ್ನುತ್ತಾರೆ.

ಮೇಲ್ರೆಪ್ಪೆಯನ್ನು ಎತ್ತುವ ಸ್ನಾಯುವೊಂದು ಕಣ್ಣುಗೂಡಿನ ಹಿಂಭಾಗದಿಂದ ಬಂದು, ತೆಳುವಾದ ಹಾಳೆಯಂತಹ ತಂತುವಿನ ಮೂಲಕ ರೆಪ್ಪೆಗೆ ಅಂಟಿಕೊಂಡಿರುತ್ತದೆ. ವಯಸ್ಸಾದಂತೆ ಈ ತಂತು ಹಿಗ್ಗುತ್ತದೆ ಅಥವಾ ಅಂಟಿದ ಸ್ಥಳದಿಂದ ಸರಿಯುತ್ತದೆ. ಸ್ನಾಯು ಬಲವಾಗಿಯೇ ಇರುತ್ತದೆ; ಹಗ್ಗ ಸಡಿಲವಾದ ಕಾರಣ ಪರದೆ ಪೂರ್ತಿ ಮೇಲೇರುವುದಿಲ್ಲ. ವಯಸ್ಕರಲ್ಲಿ ಅತಿ ಸಾಮಾನ್ಯವಾದ ಕಾರಣವಿದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಬಳಿಕವೂ, ಬಹುಕಾಲ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಧರಿಸಿದವರಲ್ಲಿಯೂ ಇದು ಕಾಣಿಸಿಕೊಳ್ಳಬಹುದು. ಈ ತಾಯಿಯವರಿಗೆ 4 ವರ್ಷಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಯಲಾಗಿತ್ತು. ಈ ಬಗೆಯ ರೆಪ್ಪೆ ಕೆಳಗೆ ನೋಡುವಾಗ ಇನ್ನಷ್ಟು ಇಳಿಯುವುದರಿಂದ, ಪೂಜೆಯಲ್ಲಿಯೂ ಓದಿನಲ್ಲಿಯೂ ತೊಂದರೆ ಮೊದಲು ತಿಳಿಯುತ್ತದೆ.

ಆದರೆ ಎಲ್ಲ ಜೋತುರೆಪ್ಪೆಯೂ ವಯಸ್ಸಿನದಲ್ಲ. ಬೆಳಿಗ್ಗೆ ಸರಿಯಾಗಿದ್ದು ಸಂಜೆಯ ಹೊತ್ತಿಗೆ ಇಳಿಯುವ ರೆಪ್ಪೆ, ಅದರೊಡನೆ ಒಂದು ವಸ್ತು ಎರಡಾಗಿ ಕಾಣುವುದು, ಅಗಿಯಲು ನುಂಗಲು ಆಯಾಸವಾಗುವುದು ಇದ್ದರೆ, ಅದು ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಮಯಸ್ಥೇನಿಯಾ ಎಂಬ ರೋಗವಿರಬಹುದು. ಅದಕ್ಕೆ ಮೊದಲು ಔಷಧೋಪಚಾರವೇ ಹೊರತು ಕತ್ತರಿಯಲ್ಲ.

ಇನ್ನೊಂದು ಬಗೆಯದಂತೂ ಒಂದು ದಿನವೂ ಕಾಯುವಂತಹುದಲ್ಲ. ರೆಪ್ಪೆ ಹಠಾತ್ತನೆ ಬಿದ್ದು, ತೀವ್ರ ತಲೆನೋವು ಬಂದು, ವಸ್ತುಗಳು ಎರಡಾಗಿ ಕಂಡು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ, ಮೆದುಳಿನ ರಕ್ತನಾಳವೊಂದು ಉಬ್ಬಿ ನರವನ್ನು ಒತ್ತುತ್ತಿರಬಹುದು. ಪಾಪೆ ಚಿಕ್ಕದಾಗಿ, ಅದೇ ಬದಿಯ ಕತ್ತಿನಲ್ಲಿ ಹೊಸದಾಗಿ ನೋವು ಇದ್ದರೂ ಕತ್ತಿನ ರಕ್ತನಾಳಕ್ಕೆ ಹಾನಿಯಾಗಿರಬಹುದು. ಇಂಥವರನ್ನು ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಯಾವಾಗಿನಿಂದ ಇಳಿದಿದೆ ಎಂಬುದು ನೆನಪಾಗದಿದ್ದರೆ ಹಳೆಯ ಮದುವೆಯ ಭಾವಚಿತ್ರಗಳನ್ನು ತೆಗೆದು ನೋಡಿರಿ. ನಿಧಾನವಾಗಿ ಇಳಿದದ್ದೋ, ಹೊಸತೋ ಎಂಬುದು ಅದರಿಂದ ತಿಳಿಯುತ್ತದೆ.

ಈ ತಾಯಿಯವರನ್ನು ಪರೀಕ್ಷಿಸಿದ ವೈದ್ಯರು ಪಾಪೆಯ ನಡುವಿನಿಂದ ರೆಪ್ಪೆಯ ಅಂಚಿನವರೆಗಿನ ಅಂತರವನ್ನು ಅಳೆದರು. ಸಾಮಾನ್ಯವಾಗಿ ಇದು 4ರಿಂದ 5 ಮಿಲಿಮೀಟರ್. ಇವರಿಗೆ ಬಲಗಡೆ ಇದ್ದದ್ದು ಒಂದೂವರೆ ಮಾತ್ರ. ಹುಬ್ಬನ್ನು ಬೆರಳಿನಿಂದ ಒತ್ತಿ ಹಿಡಿದು, ಕೆಳಗಿನಿಂದ ಮೇಲಕ್ಕೆ ನೋಡಿಸಿದಾಗ ರೆಪ್ಪೆ 14 ಮಿಲಿಮೀಟರ್ ಚಲಿಸಿತು. ಅಂದರೆ ಸ್ನಾಯು ಸಬಲವಾಗಿಯೇ ಇದೆ ಎಂದಾಯಿತು. ರೆಪ್ಪೆಯನ್ನು ಪಟ್ಟಿಯಿಂದ ಎತ್ತಿ ಅಂಟಿಸಿದಾಗ ಮೇಲ್ಭಾಗದ ನೋಟ ಮರಳಿ ಬಂತು.

ಶಸ್ತ್ರಚಿಕಿತ್ಸೆಯ ಮಾತು ಬರುವುದು ಇಂತಹ ಸ್ಥಿತಿಯಲ್ಲಿ: ಅಂತರ ಸುಮಾರು 2 ಮಿಲಿಮೀಟರ್‌ಗೆ ಅಥವಾ ಅದಕ್ಕಿಂತ ಕಡಿಮೆಗೆ ಇಳಿದು ನೋಟಕ್ಕೆ ಅಡ್ಡಿಯಾದಾಗ, ಸದಾ ಹುಬ್ಬೇರಿಸಿ ಹಣೆ, ಕತ್ತು ನೋಯುವಾಗ. ತೊಂದರೆಯಿಲ್ಲದ ಅಲ್ಪ ಇಳಿತವನ್ನು ಹಾಗೆಯೇ ಬಿಡಬಹುದು. ಕಣ್ಣು ತೀರ ಒಣಗಿರುವವರಲ್ಲಿ ಮಾತ್ರ ವೈದ್ಯರು ಬಹಳ ಯೋಚಿಸುತ್ತಾರೆ. ರೆಪ್ಪೆ ಹೆಚ್ಚು ತೆರೆದರೆ ಕಣ್ಣು ಇನ್ನಷ್ಟು ಒಣಗುತ್ತದೆ.

ರೆಪ್ಪೆಯ ಮಡಿಕೆಯಲ್ಲಿಯೇ ಸೀಳು ಮಾಡಿ, ಸರಿದ ತಂತುವನ್ನು ಸ್ವಸ್ಥಾನದಲ್ಲಿ ಹೊಲಿಯುವುದೇ ಇದರ ಕ್ರಮ. ಚುಚ್ಚುಮದ್ದಿನಿಂದ ರೆಪ್ಪೆಯನ್ನಷ್ಟೇ ಮರಗಟ್ಟಿಸುತ್ತಾರೆ, ರೋಗಿ ಎಚ್ಚರದಲ್ಲಿರಬೇಕು. ನಡುವೆ ಕಣ್ಣು ತೆರೆಯಿಸಿ, ಎರಡೂ ಕಡೆ ಸಮವಾಗಿದೆಯೇ ಎಂದು ನೋಡಿ ಗಂಟು ಬಿಗಿಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಆ ತಾಯಿಯವರಿಗೆ ಒಂದು ವಾರದಲ್ಲಿ ಹೊಲಿಗೆ ಬಿಚ್ಚಿದರು. ಕೆಲವು ರಾತ್ರಿ ಕಣ್ಣು ಪೂರ್ತಿ ಮುಚ್ಚದ ಕಾರಣ ಮುಲಾಮು ಹಚ್ಚಬೇಕಾಯಿತು. ಬಲರೆಪ್ಪೆ ಏರಿದ ಬಳಿಕ ಎಡರೆಪ್ಪೆ ಕೊಂಚ ಇಳಿದಂತೆ ಕಂಡಿತು. ಎರಡೂ ರೆಪ್ಪೆಗಳಿಗೆ ನರದ ಪ್ರೇರಣೆ ಸಮನಾಗಿ ಹೋಗುವುದರಿಂದ, ಬಿದ್ದ ರೆಪ್ಪೆಯನ್ನೆತ್ತುವ ಶ್ರಮ ತಪ್ಪಿದೊಡನೆ ಇನ್ನೊಂದೂ ಸಡಿಲಗೊಳ್ಳುವುದುಂಟು. ವೈದ್ಯರು ಇದನ್ನು ಮುಂಚೆಯೇ ಹೇಳಿದ್ದರಿಂದ ಮನೆಯವರು ಗಾಬರಿಗೊಳ್ಳಲಿಲ್ಲ. ಏರಿದ್ದು ಹೆಚ್ಚಾಗಿಯೋ ಕಡಿಮೆಯಾಗಿಯೋ ಮರಳಿ ಸರಿಪಡಿಸಬೇಕಾದ ಪ್ರಸಂಗಗಳೂ ಉಂಟು; ಇವರಿಗೆ ಅದು ಬೇಕಾಗಲಿಲ್ಲ. ಮೂರು ತಿಂಗಳ ಬಳಿಕ ನಾವು ಅವರ ಮನೆಗೆ ಹೋದಾಗ ತಾಯಿಯವರು ಗದ್ದವನ್ನೆತ್ತದೆ, ನೇರವಾಗಿ ಕುಳಿತು ಪೂಜಿಸುತ್ತಿದ್ದರು.